ಪೇಪರ್‌ಬ್ಯಾಕ್ ಸ್ಪೈನ್ ಮತ್ತು ಪೂರ್ತಿ ಕವರ್ ಅಳತೆ: ಡೆಮಿ 1/8 ಪುಸ್ತಕದ ಲೆಕ್ಕ

ಪುಸ್ತಕದ ಒಳಪುಟಗಳನ್ನು ಜೋಡಿಸುವುದು ಗೊತ್ತಿದ್ದು, ಕವರ್ ಫೈಲ್ ಮಾಡುವಾಗ ಸ್ಪೈನ್‌ಗೆ ಎಷ್ಟು ಮಿಲಿಮೀಟರ್ ಬಿಡಬೇಕು ಅನ್ನೋ ಕಡೆ ನಿಂತುಬಿಟ್ಟವರಿಗೆ ಈ ಟಿಪ್ಪಣಿ. ನಮ್ಮ ಕಡೆ ಕಥೆ, ಕಾದಂಬರಿಗಳು ಜಾಸ್ತಿ ಬರುವ ಅಳತೆ ಡೆಮಿ 1/8, ಅಂದರೆ 5.5 × 8.5 ಇಂಚು. ಮಿಲಿಮೀಟರಿನಲ್ಲಿ 140 × 216. ಅದನ್ನೇ ಇಟ್ಟುಕೊಂಡು ಒಂದು ಪುಸ್ತಕವನ್ನು ಕೊನೆಯವರೆಗೂ ಲೆಕ್ಕ ಹಾಕೋಣ.

ಮೊದಲು ಪುಟ ಎಷ್ಟು?

ಕನ್ನಡ ಪುಸ್ತಕಗಳ ಮಾಹಿತಿ ಪುಟದಲ್ಲಿ ‘ಪುಟಗಳು: 12 + 205’ ಅಂತ ಇರುವುದನ್ನು ನೋಡಿರುತ್ತೀರಿ. ಮುನ್ನುಡಿ, ಪರಿವಿಡಿಗೆ ಬೇರೆ ಸಂಖ್ಯೆ, ಮುಖ್ಯ ಭಾಗಕ್ಕೆ ಬೇರೆ ಸಂಖ್ಯೆ. ಸ್ಪೈನ್‌ಗೆ ಈ ಭೇದ ಇಲ್ಲ. ಎಲ್ಲ ಕೂಡಿಸಬೇಕು. ಖಾಲಿ ಪುಟಗಳನ್ನೂ ಬಿಡುವ ಹಾಗಿಲ್ಲ. ಇಲ್ಲಿ 217 ಆಯಿತು.

ಆದರೆ ಆಫ್‌ಸೆಟ್ ಮುದ್ರಣದಲ್ಲಿ 217 ಪುಟದ ಪುಸ್ತಕ ಅಂತ ಇರುವುದಿಲ್ಲ. ದೊಡ್ಡ ಹಾಳೆ ಮಡಚಿ 16 ಪುಟದ ಫಾರಂ ಮಾಡುತ್ತಾರೆ ಅಲ್ವಾ? 13 ಫಾರಂಗೆ 208 ಪುಟ. ಇನ್ನರ್ಧ ಫಾರಂ ಸೇರಿಸಿದರೂ 216, ಒಂದೇ ಒಂದು ಪುಟ ಸಾಲದು. ಹಾಗಾಗಿ 14 ಫಾರಂ, 224 ಪುಟ. ಉಳಿದ 7 ಪುಟ ಖಾಲಿ ಬಿಡುತ್ತಾರೆ, ಇಲ್ಲವೇ ಪ್ರಕಾಶಕರು ತಮ್ಮ ಬೇರೆ ಪುಸ್ತಕಗಳ ಪಟ್ಟಿ ಹಾಕುತ್ತಾರೆ. ಡಿಜಿಟಲ್ ಪ್ರಿಂಟ್ ಆದರೆ ಫಾರಂ ಕಟ್ಟುಪಾಡು ಇರುವುದಿಲ್ಲ, 218 ಸಾಕು. ಲೆಕ್ಕ ಶುರು ಮಾಡುವ ಮೊದಲೇ ಪ್ರೆಸ್‌ನವರನ್ನು ‘ಕೊನೆಗೆ ಎಷ್ಟು ಪುಟ ಕೂರುತ್ತೆ?’ ಅಂತ ಕೇಳಿಬಿಡಿ.

ಜಿಎಸ್ಎಂ ದಪ್ಪ ಅಲ್ಲ, ಪುಟ ಹಾಳೆ ಅಲ್ಲ

ಇಡೀ ಲೆಕ್ಕದಲ್ಲಿ ತಲೆ ಕೆಡಿಸುವ ಜಾಗ ಇದೊಂದೇ. ನಿಧಾನವಾಗಿ ಹೋಗೋಣ.

70 ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ 70 ಗ್ರಾಂ. ಅಷ್ಟೇ. ಅದು ಎಷ್ಟು ದಪ್ಪ ಅಂತ ಈ ಸಂಖ್ಯೆ ಹೇಳುವುದೇ ಇಲ್ಲ. ದಪ್ಪ ಗೊತ್ತಾಗಬೇಕಾದರೆ ‘ಬಲ್ಕ್’ ಬೇಕು. ಒಂದು ಗ್ರಾಂ ಕಾಗದ ಎಷ್ಟು ಘನ ಸೆಂಟಿಮೀಟರ್ ಜಾಗ ತಿನ್ನುತ್ತದೆ ಅನ್ನುವುದೇ ಬಲ್ಕ್. ಮಾಮೂಲಿ ಮ್ಯಾಪ್‌ಲಿಥೋ ಕಾಗದಕ್ಕೆ ಇದು ಸುಮಾರು 1.3 ಇರುತ್ತದೆ. ಉಬ್ಬಿದ ಹಾಗಿರುವ, ಕೈಯಲ್ಲಿ ಹಗುರ ಅನಿಸುವ ಬಲ್ಕಿ ಕಾಗದಕ್ಕೆ 1.8ರ ಆಸುಪಾಸು.

ಈಗ ಎರಡನ್ನೂ ಗುಣಿಸಿ: 70 × 1.3 = 91. ಇದು ನೇರವಾಗಿ ಮೈಕ್ರಾನ್ ಲೆಕ್ಕದಲ್ಲಿ ಹಾಳೆಯ ದಪ್ಪ! ಯಾಕೆ ನೇರವಾಗಿ ಬರುತ್ತದೆ ಅಂತ ನೋಡಿ. ಒಂದು ಚದರ ಮೀಟರ್ ಕಾಗದ 70 ಗ್ರಾಂ, ಗ್ರಾಂಗೆ 1.3 ಘನ ಸೆಂಟಿಮೀಟರ್ ಅಂದರೆ ಒಟ್ಟು 91 ಘನ ಸೆಂಟಿಮೀಟರ್. ಒಂದು ಘನ ಸೆಂಟಿಮೀಟರ್ ವಸ್ತುವನ್ನು ಒಂದು ಚದರ ಮೀಟರ್ ಜಾಗಕ್ಕೆ ಸಮನಾಗಿ ಹರಡಿದರೆ ಅದರ ದಪ್ಪ ಸರಿಯಾಗಿ ಒಂದು ಮೈಕ್ರಾನ್. ಹಾಗಾಗಿ 91 ಘನ ಸೆಂಟಿಮೀಟರ್ ಹರಡಿದರೆ 91 ಮೈಕ್ರಾನ್, ಅಂದರೆ 0.091 ಮಿ.ಮೀ. ಇದು ಅರ್ಥವಾದ ಮೇಲೆ ಸೂತ್ರ ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಇನ್ನೊಂದು ವಿಷಯ. ಈ 0.091 ಒಂದು ಹಾಳೆಯ ದಪ್ಪ, ಒಂದು ಪುಟದ್ದಲ್ಲ. ಹಾಳೆಗೆ ಎರಡು ಮಗ್ಗುಲು, ಎರಡು ಪುಟ. 224 ಪುಟ ಅಂದರೆ 112 ಹಾಳೆ. 112 × 0.091 = 10.19 ಮಿ.ಮೀ. ಎರಡರಿಂದ ಭಾಗಿಸುವುದನ್ನು ಮರೆತರೆ 20 ಮಿ.ಮೀ. ದಾಟುತ್ತದೆ. ಅಷ್ಟು ದಪ್ಪ ನೋಡಿದ ಕೂಡಲೇ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುತ್ತದೆ, ಅದು ಪರವಾಗಿಲ್ಲ. ಉಲ್ಟಾ ತಪ್ಪು ಜಾಸ್ತಿ ಅಪಾಯ. ಅದು ಹೇಗೆ ಅಂದರೆ, ಕೆಲವರು ದಪ್ಪವನ್ನು ಪುಟದ ಲೆಕ್ಕದಲ್ಲೇ ಕೊಟ್ಟಿರುತ್ತಾರೆ, ಅಂದರೆ ಅರ್ಧ ಮಾಡಿಯೇ ಕೊಟ್ಟಿರುತ್ತಾರೆ.

ಲೇಖಕರೇ ತಮ್ಮ ಪುಸ್ತಕ ಪ್ರಕಟಿಸಿಕೊಳ್ಳುವ ಅಮೆಜಾನ್ ಕೆಡಿಪಿ ಹಾಗೆ. ಅಲ್ಲಿ ಕಪ್ಪುಬಿಳುಪು ಮುದ್ರಣದ ಬಿಳಿ ಕಾಗದಕ್ಕೆ ಪುಟಕ್ಕೆ 0.002252 ಇಂಚು, ಕ್ರೀಮ್ ಕಾಗದಕ್ಕೆ 0.0025 ಇಂಚು. ಇದೇ ಅಳತೆಯ ಒಂದು ಇಂಗ್ಲಿಷ್ ಪುಸ್ತಕ 224 ಪುಟ ಇದ್ದರೆ, ಬಿಳಿ ಕಾಗದದಲ್ಲಿ 224 × 0.002252 = 0.504 ಇಂಚು, ಅಂದರೆ 12.8 ಮಿ.ಮೀ. ಮುಗಿಯಿತು. ಇಲ್ಲಿ ಹಾಳೆಯ ಅಭ್ಯಾಸದಲ್ಲಿ ಮತ್ತೆ ಎರಡರಿಂದ ಭಾಗಿಸಿದರೆ 6.4 ಮಿ.ಮೀ. ಬರುತ್ತದೆ. ಆ ಸಂಖ್ಯೆ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ, ತೆಳು ಪುಸ್ತಕಗಳು ಇರುತ್ತವಲ್ಲ. ಹಾಗಾಗಿ ಯಾರೇ ದಪ್ಪದ ಸಂಖ್ಯೆ ಕೊಟ್ಟರೂ ಮೊದಲು ಆ ಸಂಖ್ಯೆ ಎಷ್ಟು ದೊಡ್ಡದು ನೋಡಿ. ಪುಸ್ತಕದ ಕಾಗದ ಸಾಮಾನ್ಯವಾಗಿ 0.09ರಿಂದ 0.13 ಮಿ.ಮೀ. ಒಳಗಿರುತ್ತದೆ. ಕೊಟ್ಟ ಸಂಖ್ಯೆ ಅಲ್ಲಿ ಬಿದ್ದರೆ ಅದು ಹಾಳೆಯದು. 0.05, 0.06ರ ಹತ್ತಿರ ಇದ್ದರೆ ಪುಟದ್ದು. ಕೆಡಿಪಿಯ 0.002252 ಇಂಚು ಅಂದರೆ 0.057 ಮಿ.ಮೀ., ಎರಡು ಪಟ್ಟು ಮಾಡಿದರೆ 0.114. ಸರಿಹೋಯಿತು ಅಲ್ವಾ?

ಬಲ್ಕ್ ಎಷ್ಟು ಅಂತ ಪ್ರೆಸ್‌ನಲ್ಲಿ ಕೇಳಿದರೆ ಎಲ್ಲರೂ ಹೇಳುವುದಿಲ್ಲ. ಆಗ ನನಗೆ ತುಂಬಾ ಇಷ್ಟವಾದ ದಾರಿ ಇದು. ಅದೇ ಪ್ರೆಸ್ ಅದೇ ಕಾಗದದಲ್ಲಿ ಮಾಡಿದ ಯಾವುದಾದರೂ ಪುಸ್ತಕ ಕೇಳಿ ತನ್ನಿ. ಕವರ್ ಬಿಟ್ಟು ಒಳಗಿನ ಹಾಳೆಗಳನ್ನು ಮಾತ್ರ, ಬೈಂಡಿಂಗ್ ಕಡೆ ಅಲ್ಲ, ತೆರೆಯುವ ಕಡೆ ಗಟ್ಟಿಯಾಗಿ ಒತ್ತಿ ಹಿಡಿದು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಬೈಂಡಿಂಗ್ ಕಡೆ ಅಂಟು ಸೇರಿಕೊಂಡಿರುತ್ತದೆ, ಅಲ್ಲಿ ಅಳತೆ ಹೆಚ್ಚು ಬರುತ್ತದೆ. 160 ಪುಟದ ಪುಸ್ತಕ 7.3 ಮಿ.ಮೀ. ಬಂತು ಅಂದುಕೊಳ್ಳಿ. 80 ಹಾಳೆ, ಹಾಳೆಗೆ 0.091. ಒಂದೇ ಹಾಳೆ ಅಳೆಯಲು ಹೋಗಬೇಡಿ, ಅಷ್ಟು ಸಣ್ಣ ಅಳತೆಯಲ್ಲಿ ಕೈ ಸ್ವಲ್ಪ ಬಿಗಿಯಾದರೂ ಸಂಖ್ಯೆ ಬದಲಾಗುತ್ತದೆ. ಆ ಚೂರು ವ್ಯತ್ಯಾಸ 112 ಪಟ್ಟು ದೊಡ್ಡದಾಗಿ ಸ್ಪೈನ್‌ನಲ್ಲಿ ಕಾಣಿಸಿಕೊಳ್ಳುತ್ತದೆ.

ಒಳಗಿನ ಹಾಳೆಗಳ 10.19ಕ್ಕೆ ಕವರ್‌ನ ದಪ್ಪ ಎರಡು ಸಲ ಸೇರಿಸಿ, ಮುಂದೆ ಒಂದು, ಹಿಂದೆ ಒಂದು. 300 ಜಿಎಸ್ಎಂ ಆರ್ಟ್ ಕಾರ್ಡ್ ಸುಮಾರು 0.3 ಮಿ.ಮೀ. ಇರುತ್ತದೆ, ಎರಡಕ್ಕೆ 0.6. ಕೆಡಿಪಿ ಲೆಕ್ಕದಲ್ಲಿ ಇದನ್ನು ಬೇರೆಯಾಗಿ ಸೇರಿಸುವುದಿಲ್ಲ, ಅವರ ಸೂತ್ರ ಅಷ್ಟಕ್ಕೇ ನಿಲ್ಲುತ್ತದೆ. ನಮ್ಮ ಪ್ರೆಸ್‌ಗೆ ಹೀಗೆ:

```
ಸ್ಪೈನ್ = (ಪುಟ × ಜಿಎಸ್ಎಂ × ಬಲ್ಕ್ ÷ 2000) + (2 × ಕವರ್ ದಪ್ಪ)
       = (224 × 70 × 1.3 ÷ 2000) + (2 × 0.3)
       = 10.19 + 0.6
       = 10.79 ಮಿ.ಮೀ.
```

2000 ಎಲ್ಲಿಂದ ಬಂತು ಅಂದರೆ, ಮೈಕ್ರಾನ್ ಅನ್ನು ಮಿಲಿಮೀಟರ್ ಮಾಡಲು 1000, ಪುಟವನ್ನು ಹಾಳೆ ಮಾಡಲು 2. ನಾನು ಹತ್ತಿರದ ಅರ್ಧ ಮಿಲಿಮೀಟರಿಗೆ ಸರಿಮಾಡಿಕೊಳ್ಳುತ್ತೇನೆ. ಆದ್ದರಿಂದ 11.

ಪೂರ್ತಿ ಕವರ್

ಇದು ಸುಲಭ. ಹೊರಗಿನಿಂದ ಬಿಡಿಸಿ ಇಟ್ಟರೆ ಎಡಕ್ಕೆ ಹಿಂಬದಿ, ನಡುವೆ ಸ್ಪೈನ್, ಬಲಕ್ಕೆ ಮುಖಪುಟ. ಸುತ್ತಲೂ ಕೊನೆಗೆ ಕತ್ತರಿಸಿ ಹೋಗುವ 3 ಮಿ.ಮೀ. ಬ್ಲೀಡ್.

```
ಅಗಲ  = 3 + 140 + 11 + 140 + 3 = 297 ಮಿ.ಮೀ.
ಎತ್ತರ = 3 + 216 + 3 = 222 ಮಿ.ಮೀ.
```

297 ನೋಡಿ ‘ಅರೆ, ಎ4 ಉದ್ದ!’ ಅಂತ ಖುಷಿಪಡಬೇಡಿ. ಎ4 ಅಗಲ 210, ನಮಗೆ 222 ಬೇಕು. ಡಿಜಿಟಲ್ ಮಷಿನ್‌ನ 12 × 18 ಇಂಚಿನ ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಕವರ್‌ಗೆ ಎರಡೂ ಕಡೆ 85 ಮಿ.ಮೀ. ಮಡಿಕೆ ಬೇಕು ಅಂದರೆ ಅಗಲ 467 ಆಗುತ್ತದೆ. 18 ಇಂಚು ಅಂದರೆ 457 ಮಾತ್ರ. ಆಗ 13 × 19 ಇಂಚಿನ ಹಾಳೆಗೆ ಹೋಗಬೇಕು.

ಫೈಲ್‌ನಲ್ಲಿ ಗೈಡ್ ಹಾಕುವಾಗ ಎಡ ಅಂಚಿನಿಂದ ಅಳೆಯುವ ಬದಲು ರೂಲರ್‌ನ ಸೊನ್ನೆಯನ್ನು ಸ್ಪೈನ್‌ನ ನಟ್ಟನಡುವೆ ಇಡಿ. ಆಗ ಸ್ಪೈನ್ ಅಂಚು ±5.5, ಕವರ್ ಅಂಚು ±145.5, ಬ್ಲೀಡ್ ±148.5. ಇದರ ಲಾಭ ಗೊತ್ತಾಗುವುದು ಕೊನೇ ಗಳಿಗೆಯಲ್ಲಿ ಕಾಗದ ಬದಲಾದಾಗ. ‘70 ಸಿಗ್ತಿಲ್ಲ, 80 ಹಾಕ್ತೀವಿ’ ಅಂತ ಫೋನ್ ಬರುತ್ತದೆ. ಅದೇ ಬಲ್ಕ್‌ನ 80 ಜಿಎಸ್ಎಂ ಆದರೆ ಹಾಳೆಗೆ 0.104, ಸ್ಪೈನ್ 12.25ಕ್ಕಿಂತ ಚೂರೇ ಕಡಿಮೆ, ಅಂದರೆ 12. ಗೈಡ್‌ಗಳನ್ನು ±6, ±146, ±149 ಮಾಡಿ, ಮುಖಪುಟದ್ದೆಲ್ಲ ಬಲಕ್ಕೆ ಅರ್ಧ ಮಿಲಿಮೀಟರ್, ಹಿಂಬದಿಯದ್ದೆಲ್ಲ ಎಡಕ್ಕೆ ಅರ್ಧ ಸರಿಸಿದರೆ ಆಯಿತು. ಫೈಲ್ ಅಗಲ 298. ಅದರ ಬದಲು ಬಲ್ಕ್ 1.8 ಇರುವ ಕಾಗದ ಹಾಕಿದರೋ, ಜಿಎಸ್ಎಂ 70 ಆಗಿಯೇ ಉಳಿದರೂ ಸ್ಪೈನ್ 14.7ಕ್ಕೆ ಏರುತ್ತದೆ. ಜಿಎಸ್ಎಂ ಬದಲಾಗಿಲ್ಲ ಅಂತ ಸುಮ್ನೆ ಇದ್ದರೆ ಸುಮಾರು 4 ಮಿ.ಮೀ. ಕಡಿಮೆ ಬೀಳುತ್ತದೆ.

ಕಡಿಮೆ ಬಿದ್ದರೆ ಏನು ಕಾಣುತ್ತದೆ? ಮುಖಪುಟದ ಬಣ್ಣ ಸ್ಪೈನ್ ಮೇಲೆ ಬಂದು ಕೂರುತ್ತದೆ. ಹೆಚ್ಚಾದರೆ ಸ್ಪೈನ್‌ನ ಬಣ್ಣ ಒಂದು ಪಟ್ಟಿಯ ಹಾಗೆ ಮುಖಪುಟಕ್ಕೆ ಇಳಿಯುತ್ತದೆ. ಲೆಕ್ಕ ಸರಿ ಇದ್ದರೂ ಬೈಂಡಿಂಗ್‌ನಲ್ಲಿ ಒಂದು ಮಿಲಿಮೀಟರ್ ಆಚೀಚೆ ಆಗುವುದು ಮಾಮೂಲಿ. ಅದಕ್ಕೇ ಸ್ಪೈನ್‌ನ ಗೆರೆಯಲ್ಲೇ ಬಣ್ಣ ಬದಲಾಗುವ ವಿನ್ಯಾಸ ಬೇಡ. ಮುಖಪುಟದ ಬಣ್ಣವನ್ನೇ ಸ್ಪೈನ್ ದಾಟಿಸಿ ಹಿಂಬದಿಗೆ ಒಯ್ದರೆ ಈ ಒಂದು ಮಿಲಿಮೀಟರ್ ಯಾರಿಗೂ ಕಾಣುವುದಿಲ್ಲ.

ಸ್ಪೈನ್ ಮೇಲೆ ಕನ್ನಡ ಹೆಸರು

ಅಕ್ಷರಕ್ಕೂ ಸ್ಪೈನ್ ಅಂಚಿಗೂ ಎರಡೂ ಕಡೆ ಒಂದೂವರೆ ಮಿಲಿಮೀಟರ್ ಬಿಡಿ. 11ರಲ್ಲಿ 8 ಉಳಿಯಿತು. ಈ 8ರೊಳಗೆ ಬರೀ ಅಕ್ಷರ ಅಲ್ಲ, ಕೆಳಗಿನ ಒತ್ತೂ ಕೂರಬೇಕು. ‘ಮನೆ’ ಅಂತ ಹೆಸರಿದ್ದರೆ ದೊಡ್ಡ ಅಕ್ಷರ ಹಾಕಬಹುದು. ‘ಶಾಸ್ತ್ರ’ ಅಂತ ಬಂದರೆ ಒತ್ತಿನ ಕೆಳಗೆ ಇನ್ನೊಂದು ಒತ್ತು, ಅದೇ ಸೈಜ್ ಇಟ್ಟರೆ ಅಂಚು ದಾಟುತ್ತದೆ. ಹಾಗಾಗಿ ಫಾಂಟ್ ಸೈಜ್ ಸಂಖ್ಯೆ ನಂಬದೆ, ಹೆಸರನ್ನು ಔಟ್‌ಲೈನ್ ಮಾಡಿ ಅದರ ನಿಜವಾದ ಎತ್ತರ ಅಳೆಯಿರಿ.

ಇನ್ನೊಂದು, ಸಾಫ್ಟ್‌ವೇರ್‌ನ ‘ಸೆಂಟರ್’ ಬಟನ್ ಒತ್ತನ್ನೂ ಸೇರಿಸಿ ನಡು ಹುಡುಕುತ್ತದೆ. ಹೆಸರಿನಲ್ಲಿ ಒಂದೇ ಒಂದು ಒತ್ತಕ್ಷರ ಇದ್ದರೂ ಉಳಿದ ಅಕ್ಷರಗಳೆಲ್ಲ ತಲೆಕಟ್ಟಿನ ಕಡೆಗೆ ಸರಿದು, ಕಪಾಟಿನಲ್ಲಿ ನಿಲ್ಲಿಸಿದಾಗ ಹೆಸರು ವಾಲಿದ ಹಾಗೆ ಕಾಣುತ್ತದೆ. ಒತ್ತು ಬಿಟ್ಟು ಮೂಲ ಅಕ್ಷರಗಳ ಸಾಲಿನ ನಡುವನ್ನು ಸೊನ್ನೆ ಗೆರೆಗೆ ತನ್ನಿ, ಆಮೇಲೆ ಒತ್ತಿನ ತುದಿ 5.5ರ ಗೈಡ್‌ನಿಂದ ಒಂದೂವರೆ ಮಿಲಿಮೀಟರ್ ಒಳಗಿದೆಯಾ, ಅಂದರೆ 4ರೊಳಗೇ ನಿಂತಿದೆಯಾ ನೋಡಿ. ಇಲ್ಲದಿದ್ದರೆ ಸೈಜ್ ಇಳಿಸಿ.