ಗಂಡಿನ ಕಡೆಯವರು ಬರುವ ಮೊದಲೇ ಮದುವೆ ಬೇಡವೆನ್ನುವುದು ಹೇಗೆ?

ಪ್ರಶ್ನೆ: ನನಗೆ 29 ವರ್ಷ. ನನಗೆ ಬೆಂಗಳೂರಿನಲ್ಲಿ ಕೆಲಸ, ಅಪ್ಪ ಅಮ್ಮ ಶಿವಮೊಗ್ಗದಲ್ಲಿದ್ದಾರೆ. ಗಂಡಾಗಲಿ ಹೆಣ್ಣಾಗಲಿ, ಯಾರ ಮೇಲೂ ನನಗೆ ಲೈಂಗಿಕ ಆಕರ್ಷಣೆ ಮೂಡಿದ್ದಿಲ್ಲ. ನಾನು ಏಸೆಕ್ಷುಯಲ್ ಎಂಬುದು ನನಗೆ ಸ್ಪಷ್ಟವಿದೆ. ಇಷ್ಟು ದಿನ ಒಂದಲ್ಲ ಒಂದು ನೆಪ ಹೇಳುತ್ತ ಬಂದೆ. ಈಗ ದೊಡ್ಡಮ್ಮ ತಂದ ಸಂಬಂಧದಲ್ಲಿ ಜಾತಕ ಕೂಡಿದೆ, ಮುಂದಿನ ತಿಂಗಳು ಗಂಡಿನ ಕಡೆಯವರು ನೋಡಲು ಬರುತ್ತಾರೆ. ಏನು ಮಾಡಲಿ?

ಉತ್ತರ: ಅವರು ಬರುವ ಮೊದಲೇ ಹೇಳಿಬಿಡಿ. ಜಾತಕ ನೋಡುವ ಹಂತದಲ್ಲಿ ಬೇಡವೆಂದರೆ ಬೇಸರವಾಗುವುದು ನಿಮ್ಮ ಮನೆಯವರಿಗೆ ಮಾತ್ರ. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ದೊಡ್ಡಮ್ಮನ ಮಾತು ಹೋಗುತ್ತದೆ. ನಿಶ್ಚಿತಾರ್ಥವಾಗಿ ಛತ್ರಕ್ಕೆ ಮುಂಗಡ ಕೊಟ್ಟ ಮೇಲೆ ಎರಡು ಮನೆಗಳ ಮರ್ಯಾದೆ ಸೇರಿಕೊಳ್ಳುತ್ತದೆ, ಆಗ ಮನಸ್ಸಿನಲ್ಲಿ ನಿಮ್ಮ ಪರ ಇರುವವರೂ ಬಾಯಿ ಬಿಡುವುದಿಲ್ಲ.

ಈವರೆಗಿನ ನೆಪಗಳು ಏಕೆ ಉಳಿಯಲಿಲ್ಲವೆಂದರೆ, ಪ್ರತಿ ನೆಪಕ್ಕೂ ಒಂದು ಪರಿಹಾರವಿದೆ. ಪ್ರಮೋಷನ್ ಆಗಲಿ ಎಂದರೆ ಅದು ಆಗುವವರೆಗೆ ಕಾಯುತ್ತಾರೆ, ಈ ಹುಡುಗ ಬೇಡ ಎಂದರೆ ಇನ್ನೊಬ್ಬನನ್ನು ಹುಡುಕುತ್ತಾರೆ, ಗುರುಬಲ ಬಂದಿಲ್ಲವೆಂದು ಜೋಯಿಸರು ಹೇಳಿದ್ದನ್ನು ನೀವೇ ಹಿಡಿದುಕೊಂಡರೆ ಅದು ಬರುವ ದಿನವನ್ನೂ ಅವರೇ ಹೇಳುತ್ತಾರೆ. ನೀವು ಮದುವೆಗೆ ಒಪ್ಪಿದ್ದೀರಿ, ಸಮಯ ಮಾತ್ರ ಕೂಡಿಬಂದಿಲ್ಲ ಎಂದೇ ಮನೆಯವರು ತಿಳಿಯುತ್ತಾರೆ. ಅವರು ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ.

ಮದುವೆ ಬೇಡ ಎನ್ನುವುದು ಒಂದು ಮಾತು, ಏಕೆ ಬೇಡ ಎನ್ನುವುದು ಇನ್ನೊಂದು. ಮೊದಲನೆಯದನ್ನು ನೀವು ಹೇಳಲೇಬೇಕು. ಎರಡನೆಯದನ್ನು ಯಾರಿಗೆ, ಎಷ್ಟು, ಯಾವಾಗ ಹೇಳಬೇಕೆಂಬುದು ನಿಮಗೆ ಬಿಟ್ಟದ್ದು. ಸಲಿಂಗಿಗಳ ವಿಷಯದಲ್ಲಿ ಈ ವ್ಯತ್ಯಾಸ ಇನ್ನೂ ಮುಖ್ಯ, ಏಕೆಂದರೆ ನಿಜ ತಿಳಿದ ಮೇಲೆ ಫೋನ್ ಕಿತ್ತುಕೊಂಡು ತರಾತುರಿಯಲ್ಲಿ ಮದುವೆ ಮಾಡಿಸಲು ಹೊರಡುವ ಮನೆಗಳಿವೆ. ಯಾವುದಾದರೂ ಶುಭಕಾರ್ಯದಲ್ಲಿ ಹತ್ತು ಜನರ ನಡುವೆ ಈ ಮಾತು ತೆಗೆಯಬೇಡಿ. ಅಮ್ಮ ಒಬ್ಬರೇ ಇದ್ದಾಗ ಹೀಗೆ ಹೇಳಬಹುದು: “ಅಮ್ಮ, ಈ ಹುಡುಗ ಬೇಡ ಅಂತಲ್ಲ, ನನಗೆ ಮದುವೆಯೇ ಬೇಡ. ಗಂಡ-ಹೆಂಡತಿಯ ಸಂಬಂಧ ನನ್ನ ಸ್ವಭಾವದಲ್ಲಿಲ್ಲ. ಗೊತ್ತಿದ್ದೂ ಒಬ್ಬರ ಬದುಕಿಗೆ ಹೋದರೆ ಅವರಿಗೂ ಅನ್ಯಾಯ. ದೊಡ್ಡಮ್ಮನಿಗೆ ಈ ವಾರವೇ ಬೇಡವೆಂದು ಹೇಳಿಸು.” ಅತ್ತರೂ ಬೈದರೂ ಇದೇ ಮಾತನ್ನು ಇಷ್ಟರಲ್ಲೇ ಹೇಳಿ, ಹೊಸ ಕಾರಣ ಸೇರಿಸಿದರೆ ವಾದ ಅದರ ಮೇಲೆ ಶುರುವಾಗುತ್ತದೆ. ವಯಸ್ಸಾದ ಮೇಲೆ ನಿನಗೆ ಯಾರು ದಿಕ್ಕು ಎಂದು ಕೇಳುವುದರ ಹಿಂದೆ ನಿಜವಾದ ಭಯವಿದೆ. ನಿಮ್ಮ ಉಳಿತಾಯ, ಆರೋಗ್ಯ ವಿಮೆ, ಆಪ್ತ ಗೆಳೆಯರು ಇವುಗಳ ಬಗ್ಗೆ ಆಗ ವಿವರವಾಗಿ ಮಾತನಾಡಿ.

ಡಾಕ್ಟರಿಗೆ ತೋರಿಸೋಣ ಎಂಬ ಮಾತೂ ಬರಬಹುದು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ರೋಗನಿರ್ಣಯ ಕೈಪಿಡಿಯ ಪ್ರಕಾರ, ತಾನು ಏಸೆಕ್ಷುಯಲ್ ಎಂದು ಗುರುತಿಸಿಕೊಳ್ಳುವವರಿಗೆ ಲೈಂಗಿಕ ಆಸಕ್ತಿಯ ಕೊರತೆಯೆಂಬ ಕಾಯಿಲೆಯ ಹೆಸರು ಹಚ್ಚುವಂತಿಲ್ಲ. ಲೈಂಗಿಕ ಒಲವನ್ನು ಬದಲಿಸುವ ಚಿಕಿತ್ಸೆಯನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿಯ ದುರ್ನಡತೆ ಎಂದು ಹೇಳಿದೆ. ಮದುವೆಯಾದರೆ ಸರಿಹೋಗುತ್ತದೆ ಎನ್ನುವ ವೈದ್ಯರಿಂದ ಎದ್ದು ಬನ್ನಿ.

ಮದುವೆಯಾಗಿಯೇ ಪಾರಾಗುವ ದಾರಿಯನ್ನು ಕೆಲವರು ಹಿಡಿಯುತ್ತಾರೆ. ದೈಹಿಕ ಸಂಬಂಧವಿಲ್ಲದ ಜೊತೆ ಸಾಕೆನ್ನುವವರು ಸಿಕ್ಕಿ, ಇಬ್ಬರೂ ಎಲ್ಲವನ್ನೂ ಮೊದಲೇ ಹೇಳಿಕೊಂಡು ಒಪ್ಪಿದ್ದರೆ ಅದು ಪ್ರಾಮಾಣಿಕ ಆಯ್ಕೆಯೇ. ಗೇ ಪುರುಷ ಮತ್ತು ಲೆಸ್ಬಿಯನ್ ಮಹಿಳೆ ಮನೆಯವರ ಬಾಯಿ ಮುಚ್ಚಿಸಲು ಮಾಡಿಕೊಳ್ಳುವ ಹೊಂದಾಣಿಕೆಯ ಮದುವೆಯಲ್ಲಿ ತೊಡಕು ಹೆಚ್ಚು. ವರ್ಷ ತುಂಬುವುದರೊಳಗೆ ಮಗುವಿನ ಮಾತು ಬರುತ್ತದೆ. ಕಾನೂನಿನ ಕಣ್ಣಿಗೆ ಅದು ಪೂರ್ಣ ಮದುವೆ. ಹಿಂದೂ ವಿವಾಹ ಕಾಯ್ದೆಯಡಿ ಇಬ್ಬರೂ ಒಪ್ಪಿ ಬೇರೆಯಾಗಲಿಕ್ಕೂ ಕನಿಷ್ಠ ಒಂದು ವರ್ಷ ಬೇರೆಬೇರೆ ಬಾಳಿರಬೇಕು. ಇನ್ನು ಏನೂ ತಿಳಿಯದ ವ್ಯಕ್ತಿಯನ್ನು ಮದುವೆಯಾಗುವುದನ್ನು ನಾನು ಯಾರಿಗೂ ಹೇಳಲಾರೆ. ಎಲ್ಲಕ್ಕಿಂತ ಹೆಚ್ಚು ಏಟು ತಿನ್ನುವುದು ಆ ಅಮಾಯಕ ಜೀವ.

ಒತ್ತಾಯ ಬೆದರಿಕೆಗೆ ತಿರುಗಿದರೆ ಕಾನೂನಿನ ನೆರವಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಗಂಡನ ಮನೆಗಷ್ಟೇ ಸೀಮಿತವಲ್ಲ, ತವರಿನವರಿಗೂ ಅನ್ವಯಿಸುತ್ತದೆ. ಇಷ್ಟವಿಲ್ಲದಿದ್ದರೂ ಮದುವೆಗೆ ಬಲವಂತ ಮಾಡುವುದನ್ನು ಅದರ ನಿಯಮಗಳ ದೂರು ನಮೂನೆಯಲ್ಲೇ ಭಾವನಾತ್ಮಕ ಹಿಂಸೆಯೆಂದು ನಮೂದಿಸಿದ್ದಾರೆ. ನೀವು ವಾಸಿಸುವ ಬೆಂಗಳೂರಿನಲ್ಲೇ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಮಹಿಳಾ ಸಹಾಯವಾಣಿ 181 ಸಂಪರ್ಕ ಕೊಡಿಸುತ್ತದೆ. ಗಂಡಸರಿಗೆ ಈ ಕಾಯ್ದೆಯ ರಕ್ಷಣೆಯಿಲ್ಲ, ಅವರು ಕೂಡಿಹಾಕುವಿಕೆ ಅಥವಾ ಹಲ್ಲೆಯಾದರೆ 112ಕ್ಕೆ ಕರೆಮಾಡಬೇಕು. ಅಜ್ಜಿಗೆ ಹುಷಾರಿಲ್ಲ, ತಕ್ಷಣ ಬಾ ಎಂಬ ಕರೆ ಅನುಮಾನ ಹುಟ್ಟಿಸಿದರೆ, ನಂಬಿಕೆಯ ನೆಂಟರೊಬ್ಬರಿಂದ ವಿಚಾರಿಸಿಯೇ ಊರಿಗೆ ಹೊರಡಿ. ಮೂಲ ಅಂಕಪಟ್ಟಿ, ಆಧಾರ್, ಬ್ಯಾಂಕಿನ ಕಾಗದಗಳನ್ನು ಬೆಂಗಳೂರಿನಲ್ಲೇ ಇಟ್ಟು, ಯಾವ ಹೊತ್ತಿಗೆ ನಿಮ್ಮ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸಬೇಕೆಂದು ಗೆಳತಿಯೊಬ್ಬಳಿಗೆ ಹೇಳಿಟ್ಟು ಹೋಗಿ.