ಡಾಕ್ಟರು ಬರೆದದ್ದು 500, ಗುಳಿಗೆಯಲ್ಲಿ ಇರುವುದು 1250: ಅರ್ಧ ಮಾಡಿ ಕೊಡಬೇಕಾ?

ಪ್ರಶ್ನೆ: ಸೊಸೆಗೆ ಈಗ ಐದು ತಿಂಗಳು. ಡಾಕ್ಟರು ಚೀಟಿಯಲ್ಲಿ ಕ್ಯಾಲ್ಸಿಯಂ 500 ಅಂತ ಬರೆದಿದ್ದಾರೆ, ದಿನಕ್ಕೆ ಎರಡು. ಮೆಡಿಕಲಿನಿಂದ ತಂದ ಸ್ಟ್ರಿಪ್ಪಿನ ಹಿಂದೆ ನೋಡಿದರೆ 1250 ಮಿ.ಗ್ರಾಂ ಅಂತ ಉಂಟು. ಎರಡೂವರೆ ಪಾಲು ಜಾಸ್ತಿ ಆಯಿತಲ್ಲ? ಅರ್ಧ ತುಂಡು ಮಾಡಿ ಕೊಡಬಹುದಾ? (ಪೆರ್ಲದ ಕಡೆಯಿಂದ ಒಬ್ಬರು ಅತ್ತೆ)

ತುಂಡು ಮಾಡಬೇಡಿ ಅಕ್ಕ. ಗುಳಿಗೆ ಸರಿಯಾದದ್ದೇ ಸಿಕ್ಕಿದೆ. 1250ರ ಪಕ್ಕದಲ್ಲೋ ಕೆಳಗಿನ ಸಾಲಿನಲ್ಲೋ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಇರುತ್ತದೆ, ಕನ್ನಡಕ ಹಾಕಿ ನೋಡಿ: ‘ಇಕ್ವಿವಲೆಂಟ್ ಟು ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿ.ಗ್ರಾಂ’. ಕೆಲವು ಕಂಪೆನಿಯವರು ಅದನ್ನೂ ಮೊಟಕು ಮಾಡಿ ಬರೀ ‘ಈಕ್ಯೂ ಟು’ ಅಂತ ಹಾಕುತ್ತಾರೆ. ಡಾಕ್ಟರು ಬರೆದ 500 ಅದೇ. ನಾನು ಬದಿಯಡ್ಕದಲ್ಲಿ ಮೆಡಿಕಲ್ ನಡೆಸುವವನು, ವಾರಕ್ಕೆ ಒಬ್ಬರಾದರೂ ಈ ಪ್ರಶ್ನೆ ಕೇಳುತ್ತಾರೆ, ಮಲಯಾಳದಲ್ಲೋ ತುಳುವಿನಲ್ಲೋ ಕನ್ನಡದಲ್ಲೋ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕ್ಯಾಲ್ಸಿಯಂ ಅನ್ನುವುದು ನಿಜಕ್ಕೂ ಒಂದು ಲೋಹ. ಅದನ್ನು ಹಾಗೇ ಗುಳಿಗೆ ಮಾಡಿ ನುಂಗುವಂತಿಲ್ಲ, ನೀರು ತಾಗಿದರೆ ಸಾಕು, ಗುಳುಗುಳು ಗ್ಯಾಸ್ ಎದ್ದು ಖಾರದ ಸುಣ್ಣವಾಗಿಬಿಡುತ್ತದೆ. ಆದ್ದರಿಂದ ಬೇರೆ ಏನಾದರೊಂದರ ಜೊತೆ ಸೇರಿಕೊಂಡಿರುವ ಕ್ಯಾಲ್ಸಿಯಂ ಬೇಕು. ಎಲ್ಲಕ್ಕಿಂತ ಅಗ್ಗಕ್ಕೆ ಸಿಗುವುದು ಕ್ಯಾಲ್ಸಿಯಂ ಕಾರ್ಬೋನೇಟ್, CaCO₃. ನಮ್ಮ ಹೊಳೆಯ ಮರುವಾಯಿ ಚಿಪ್ಪು ಇದೆಯಲ್ಲ, ಅದು ಹೆಚ್ಚುಕಡಿಮೆ ಇದೇ ವಸ್ತು. ಕೆಲವು ಗುಳಿಗೆಗಳನ್ನು ಸಮುದ್ರದ ಚಿಪ್ಪಿನಿಂದಲೇ ಮಾಡುತ್ತಾರೆ, ಸ್ಟ್ರಿಪ್ಪಿನಲ್ಲಿ ಹಾಗಂತ ಬರೆದೂ ಇರುತ್ತದೆ.

ಈಗ ತೂಕ. CaCO₃ ಅಂದರೆ ಒಂದು ಕ್ಯಾಲ್ಸಿಯಂ, ಒಂದು ಕಾರ್ಬನ್, ಮೂರು ಆಕ್ಸಿಜನ್. ಅಣುತೂಕದಲ್ಲಿ ಕ್ಯಾಲ್ಸಿಯಂ 40, ಕಾರ್ಬನ್ 12, ಆಕ್ಸಿಜನ್ ಮೂರೂ ಸೇರಿ 48. ಒಟ್ಟು 100. ಲೆಕ್ಕ ಇಷ್ಟು ಚೊಕ್ಕ ಬರುವುದು ಅಪರೂಪ! ನೂರರಲ್ಲಿ ನಲವತ್ತು ಪಾಲು ಮಾತ್ರ ಕ್ಯಾಲ್ಸಿಯಂ. 1250ರ ನಲವತ್ತು ಪಾಲು ಎಷ್ಟು? 500. ಉಳಿದ 750 ಅದನ್ನು ಹೊತ್ತು ತರುವ ಜೊತೆಗಾರನ ತೂಕ. ಆ 1250ನ್ನು ನೋಡಿ ನೀವು ತುಂಡು ಮಾಡಿದ್ದರೆ ಸೊಸೆಗೆ ಸಲ ಒಂದಕ್ಕೆ 250 ಮಾತ್ರ ಸಿಗುತ್ತಿತ್ತು.

ಜೊತೆಗಾರ ಬದಲಾದರೆ ಲೆಕ್ಕವೂ ಬದಲು, ಮೋಸ ಹೋಗುವುದು ಇಲ್ಲೇ. ಕ್ಯಾಲ್ಸಿಯಂ ಸಿಟ್ರೇಟ್‌ನಲ್ಲಿ ಕ್ಯಾಲ್ಸಿಯಂ ನೂರಕ್ಕೆ 21ರಷ್ಟೇ. ‘ಕ್ಯಾಲ್ಸಿಯಂ ಸಿಟ್ರೇಟ್ 1000 ಮಿ.ಗ್ರಾಂ’ ಅಂತ ದೊಡ್ಡದಾಗಿ ಬರೆದ ಗುಳಿಗೆಯಲ್ಲಿ ಕ್ಯಾಲ್ಸಿಯಂ ಇರುವುದು ಸುಮಾರು 210. ನಿಮ್ಮ 1250ರ ಗುಳಿಗೆಯ ಅರ್ಧಕ್ಕೂ ಕಮ್ಮಿ, ಆದರೆ ರೇಟು ಸಾಮಾನ್ಯವಾಗಿ ಜಾಸ್ತಿ. ಹಾಗಂತ ಸಿಟ್ರೇಟ್ ಕೆಟ್ಟದ್ದಲ್ಲ. ಕಾರ್ಬೋನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ ತಗೊಳ್ಳಿ ಅನ್ನುವುದು. ಗ್ಯಾಸಿನ ಗುಳಿಗೆ ದಿನಾ ನುಂಗುವವರಿಗೆ ಆಮ್ಲವೇ ಕಮ್ಮಿ, ಅಂಥವರಿಗೆ ಸಿಟ್ರೇಟ್ ವಾಸಿ.

ಕಬ್ಬಿಣದ ಗುಳಿಗೆಯಲ್ಲಿ ಈ ಗೊಂದಲ ಇನ್ನೂ ಜೋರು, ಯಾಕೆಂದರೆ ಜೊತೆಗಾರರು ತುಂಬಾ. ನನ್ನ ಅಂಗಡಿಯಲ್ಲೇ ಆದ ಕತೆ ಕೇಳಿ. ರಕ್ತ ಕಮ್ಮಿ ಇದ್ದ ಒಬ್ಬರು ಫೆರಸ್ ಆಸ್ಕೋರ್ಬೇಟ್ ತಗೊಳ್ಳುತ್ತಿದ್ದರು, ಮೇಲೆ 100 ಅಂತ ಇತ್ತು. ರೇಟು ಜಾಸ್ತಿ ಆಗ್ತದೆ ಅಂದರು, ಡಾಕ್ಟರನ್ನು ಕೇಳಿ ಫೆರಸ್ ಫ್ಯೂಮರೇಟ್‌ಗೆ ಬದಲಾಯಿಸಿದೆವು, ಅದರ ಮೇಲೆ 200. ಮನೆಗೆ ಹೋಗಿ ಅವರು ಸುಮ್ನೆ ಯೋಚಿಸಿದರು, 200 ಅಂದರೆ ಡಬಲ್ ಅಲ್ವಾ, ಅರ್ಧ ಸಾಕು ಅಂತ. ಒಂದೂವರೆ ತಿಂಗಳು ಅರ್ಧರ್ಧವೇ ನುಂಗಿದ್ದಾರೆ. ಹಿಮೋಗ್ಲೋಬಿನ್ ಜಾಗ ಬಿಟ್ಟು ಕದಲಲಿಲ್ಲ. ಗುಳಿಗೆ ಕೊಡುವಾಗ ನಾನು ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಲಿಲ್ಲ.

ಆ ಎರಡು ಸ್ಟ್ರಿಪ್ ಪಕ್ಕ ಪಕ್ಕ ಇಟ್ಟು ನೋಡಿ. ಆಸ್ಕೋರ್ಬೇಟ್‌ನ 100 ಅಂದರೆ ಅದು ಕಬ್ಬಿಣದ್ದೇ ತೂಕ, ಹಿಂದುಗಡೆ ‘ಎಲಿಮೆಂಟಲ್ ಐರನ್ 100’ ಅಂತ ಇರುತ್ತದೆ. ಫ್ಯೂಮರೇಟ್‌ನ 200 ಇಡೀ ಫ್ಯೂಮರೇಟ್‌ನ ತೂಕ. ಅದರಲ್ಲಿ ಕಬ್ಬಿಣ ಮೂರರಲ್ಲೊಂದು ಪಾಲು, ಅಂದಾಜು 65. ಅರ್ಧ ಮಾಡಿದಾಗ 33ಕ್ಕೆ ಇಳಿಯಿತು. ಡಬಲ್ ಆದೀತು ಅಂತ ಹೆದರಿದವರಿಗೆ ಸಿಕ್ಕಿದ್ದು ಮೊದಲಿನದರ ಮೂರನೇ ಒಂದು.

ಫೆರಸ್ ಸಲ್ಫೇಟ್ ಇನ್ನೊಂದು ತಮಾಷೆ. 325ರದ್ದೂ ಸಿಗುತ್ತದೆ, 200ರದ್ದೂ ಸಿಗುತ್ತದೆ, ಎರಡರಲ್ಲೂ ಕಬ್ಬಿಣ ಸುಮಾರು 65ವೇ. ನಮ್ಮೂರವರಿಗೆ ಇದನ್ನು ವಿವರಿಸುವುದು ಸುಲಭ: ಒಂದು ಹಸಿ ಅಡಿಕೆ, ಇನ್ನೊಂದು ಒಣಗಿದ ಅಡಿಕೆ. ಸಲ್ಫೇಟಿನ ಹರಳು ತನ್ನೊಳಗೆ ನೀರನ್ನು ಹಿಡಿದುಕೊಂಡಿರುತ್ತದೆ, ತೂಕದಲ್ಲಿ ನೂರಕ್ಕೆ 45ರಷ್ಟು ನೀರೇ. ಒಣಗಿಸಿದರೆ ನೀರಿನ ಹೆಚ್ಚಿನ ಪಾಲು ಹೋಗುತ್ತದೆ, ತೂಕ ಇಳಿಯುತ್ತದೆ, ಕಬ್ಬಿಣ ಅಲ್ಲೇ ಇರುತ್ತದೆ. ಸ್ಟ್ರಿಪ್ಪಿನಲ್ಲಿ ‘ಡ್ರೈಡ್’ ಅಂತ ಒಂದು ಮಾತು ಇದ್ದರೆ ಅದು ಒಣಗಿಸಿದ್ದು.

ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ ನಿಮ್ಮ ಮನೆಗೂ ಬಂದಿರಬಹುದು. ಸರಕಾರದ ಲೆಕ್ಕದಲ್ಲಿ ಅದು 60 ಮಿ.ಗ್ರಾಂ, ಆ 60 ಎಲಿಮೆಂಟಲ್ ಕಬ್ಬಿಣವೇ, ಜೊತೆಗೆ ಫೋಲಿಕ್ ಆಸಿಡ್. ಅದರ ಜೊತೆ ಹೊರಗಿನ ಗುಳಿಗೆಯೂ ಮನೆಯಲ್ಲಿದ್ದರೆ ಎರಡನ್ನೂ ನುಂಗಬೇಕಾ ಒಂದೇ ಸಾಕಾ ಅಂತ ಡಾಕ್ಟರಿಗೆ ತೋರಿಸಿ ಕೇಳಿಬಿಡಿ. ಮತ್ತೆ, ಕ್ಯಾಲ್ಸಿಯಂ ಮತ್ತು ಕಬ್ಬಿಣ ಒಟ್ಟಿಗೆ ಬೇಡ, ಎರಡು ಗಂಟೆಯಾದರೂ ಬಿಡಿ, ಇಲ್ಲದಿದ್ದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಒಳಗೆ ಹೋಗಲು ಬಿಡುವುದಿಲ್ಲ. ಎಲಿಮೆಂಟಲ್ ಅಂತ ಬರೆದದ್ದು ಗುಳಿಗೆಯಲ್ಲಿ ಇರುವ ಅಳತೆ ಮಾತ್ರ, ರಕ್ತಕ್ಕೆ ಸೇರುವುದು ಅದರಲ್ಲಿ ಸಣ್ಣ ಪಾಲು.

ನಮ್ಮ ಕಡೆ ಇನ್ನೊಂದು ಉಂಟು, ಗಲ್ಫಿನಿಂದ ಬರುವ ಬಾಟಲಿ. ಅವುಗಳಲ್ಲಿ ಬರೆಯುವ ಕ್ರಮ ಹೆಚ್ಚಾಗಿ ಉಲ್ಟಾ. ‘ಕ್ಯಾಲ್ಸಿಯಂ 600 ಮಿ.ಗ್ರಾಂ, ಆ್ಯಸ್ ಕ್ಯಾಲ್ಸಿಯಂ ಸಿಟ್ರೇಟ್’ ಅಂತ ಇದ್ದರೆ ಆ 600 ಕ್ಯಾಲ್ಸಿಯಂನದ್ದೇ, ಮತ್ತೆ 21 ಪಾಲು ಮಾಡಲು ಹೋಗಬೇಡಿ. ಆದರೆ ಮೇಲೆ ‘ಸರ್ವಿಂಗ್ ಸೈಜ್ 2 ಟ್ಯಾಬ್ಲೆಟ್ಸ್’ ಅಂತ ಇದೆಯಾ ನೋಡಿ. ಇದ್ದರೆ ಒಂದು ಗುಳಿಗೆಗೆ 300.

ಕೊನೆಗೆ ಒಂದು ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇನೆ. ಹತ್ತರ ಸ್ಟ್ರಿಪ್ಪಿನಲ್ಲಿ ಆರು ಸಾಕು ಅಂದರೆ ನಾವು ಕತ್ತರಿ ಹಾಕುತ್ತೇವೆ, ಆ ‘ಈಕ್ಯೂ ಟು’ ಸಾಲು ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿ ಇರುತ್ತದೆ. ನಿಮ್ಮ ತುಂಡಿನಲ್ಲಿ ಅದು ಕಾಣದಿದ್ದರೆ ಅಂಗಡಿಗೆ ಬಂದು ಇನ್ನರ್ಧ ತೋರಿಸಿ ಅಂತ ಕೇಳಿ, ತೋರಿಸದೆ ಇರುವವರು ಯಾರೂ ಇಲ್ಲ.