ಆಕ್ಸೆಸ್ ರಿಕ್ವೆಸ್ಟ್: ಹೊಸ ರೋಲ್ ಕೊಡುವ ಮೊದಲು ಯಾರು ಒಪ್ಪಬೇಕು, ಎಲ್ಲಿ ದಾಖಲಾಗಬೇಕು

ಆಫೀಸಿನ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಯಾರು ಏನು ನೋಡಬಹುದು, ಏನು ಬದಲಿಸಬಹುದು ಅನ್ನೋದು ಅವರಿಗೆ ಕೊಟ್ಟಿರುವ ‘ರೋಲ್’ ಮೇಲೆ ನಿಂತಿರುತ್ತದೆ. ರೋಲ್ ಅಂದರೆ ಒಂದು ಕೆಲಸಕ್ಕೆ ಬೇಕಾದ ಅನುಮತಿಗಳ ಕಟ್ಟು. ಕೆಲಸ ಬದಲಾದಾಗ ಹೊಸ ರೋಲ್ ಬೇಕಾಗುತ್ತದೆ. ಅದನ್ನು ಕೇಳುವುದು, ಮ್ಯಾನೇಜರ್ ಒಪ್ಪುವುದು, ಅಡ್ಮಿನ್ ಕೊಡುವುದು, ಇವೆಲ್ಲಾ ಒಂದೇ ಟಿಕೆಟ್‌ನಲ್ಲಿ, ಅಂದರೆ ನಂಬರ್ ಇರುವ ಒಂದೇ ಕೋರಿಕೆಯ ದಾಖಲೆಯಲ್ಲಿ, ಸಾಲಾಗಿ ದಾಖಲಾಗುವುದು: ಈ ಇಡೀ ಕ್ರಮಕ್ಕೆ ಆಕ್ಸೆಸ್ ರಿಕ್ವೆಸ್ಟ್ ವರ್ಕ್‌ಫ್ಲೋ ಅನ್ನುತ್ತಾರೆ. ಟಿಕೆಟ್‌ನಲ್ಲಿ ಉಳಿಯುವ ಜಾಡಿಗೆ ಟಿಕೆಟ್ ಟ್ರೇಲ್ ಅನ್ನುತ್ತಾರೆ.

ಕೇಳಿದರೆ ಸುಲಭ ಅನಿಸುತ್ತದೆ. ಒಂದು ಉದಾಹರಣೆ ಹಿಡಿದು ಹೋದರೆ ಎಲ್ಲಿ ಎಡವುತ್ತೇವೆ ಅಂತ ಗೊತ್ತಾಗುತ್ತದೆ.

ಅಕೌಂಟ್ಸ್ ವಿಭಾಗದ ಒಬ್ಬರು ಇಷ್ಟು ದಿನ ಹೊಸ ಸರಬರಾಜುದಾರರ ಹೆಸರು, ಬ್ಯಾಂಕ್ ಖಾತೆ ವಿವರ ಸೇರಿಸುತ್ತಿದ್ದರು ಅಂದುಕೊಳ್ಳಿ. ಅವರ ಯೂಸರ್ ಐಡಿ `u1042`, ರೋಲ್ `vendor_entry`. ಈಗ ಅವರನ್ನು ಪಾವತಿಗಳನ್ನು ಮಂಜೂರು ಮಾಡುವ ತಂಡಕ್ಕೆ ಹಾಕಿದ್ದಾರೆ. ಅಲ್ಲಿಗೆ ಬೇಕಾದ ರೋಲ್ `payment_approver`. ಸೋಮವಾರ ಬೆಳಿಗ್ಗೆ 10:12ಕ್ಕೆ ಅವರು ಟಿಕೆಟ್ ಹಾಕುತ್ತಾರೆ. ನಂಬರ್ 4127.

ಟಿಕೆಟ್‌ನಲ್ಲಿ ಏನು ಬರೆಯಬೇಕು? ರೋಲ್‌ನ ಸರಿಯಾದ ಹೆಸರು, ಯಾವ ಕೆಲಸಕ್ಕೆ, ಯಾವತ್ತಿನಿಂದ. ಬಹಳ ಜನ ಇಲ್ಲಿ ‘ನನ್ನ ಪಕ್ಕದವರಿಗೆ ಏನೇನು ಇದೆಯೋ ಅದನ್ನೇ ನನಗೂ ಕೊಡಿ’ ಅಂತ ಬರೆಯುತ್ತಾರೆ. ನಾನು ಅಡ್ಮಿನ್ ಆಗಿದ್ದ ದಿನಗಳಲ್ಲಿ ಇಂಥ ಟಿಕೆಟ್‌ಗಳನ್ನು ವಾಪಸ್ ಕಳಿಸುತ್ತಿದ್ದೆ. ಪಕ್ಕದವರು ಅಲ್ಲಿ ಹತ್ತು ವರ್ಷ ಕೆಲಸ ಮಾಡಿರಬಹುದು. ಬಿಟ್ಟುಬಂದ ನಾಲ್ಕು ಕೆಲಸಗಳ ರೋಲ್‌ಗಳೂ ಅವರ ಹೆಸರಲ್ಲೇ ಉಳಿದಿರಬಹುದು. ನಕಲು ಮಾಡಿದರೆ ಅವೂ ಜೊತೆಗೆ ಬರುತ್ತವೆ. ಮ್ಯಾನೇಜರ್‌ಗೂ ತಾನು ಯಾವುದಕ್ಕೆ ಒಪ್ಪಿದೆ ಅಂತ ಗೊತ್ತಿರುವುದಿಲ್ಲ.

ಟಿಕೆಟ್ ಈಗ ಮ್ಯಾನೇಜರ್ ಹತ್ತಿರ ಹೋಗಬೇಕು. ಯಾವ ಮ್ಯಾನೇಜರ್? ಒಪ್ಪಿಗೆ ಯಾರಿಗೆ ಹೋಗಬೇಕು ಅನ್ನೋದನ್ನು ವ್ಯವಸ್ಥೆ ಸಾಮಾನ್ಯವಾಗಿ ಸಿಬ್ಬಂದಿ ದಾಖಲೆ ನೋಡಿ ತೀರ್ಮಾನಿಸುತ್ತದೆ. ವಿಭಾಗ ಬದಲಾದ ಮೊದಲ ದಿನಗಳಲ್ಲಿ ಆ ದಾಖಲೆಯಲ್ಲಿ ಹಳೆಯ ಮ್ಯಾನೇಜರ್ ಹೆಸರೇ ಇರಬಹುದು. ಆಗ ಟಿಕೆಟ್ ಅವರಿಗೇ ಹೋಗುತ್ತದೆ. ಅವರು ಒಳ್ಳೆಯ ಮನಸ್ಸಿನಿಂದಲೇ ‘ಅಪ್ರೂವ್’ ಒತ್ತಿಬಿಡುತ್ತಾರೆ. ಆದರೆ ಹೊಸ ತಂಡದಲ್ಲಿ ಈ ವ್ಯಕ್ತಿಗೆ ಏನು ಕೆಲಸ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಈ ಒಪ್ಪಿಗೆ ಕೇಳುವುದೇ ‘ಇವರ ಕೆಲಸಕ್ಕೆ ಇದು ನಿಜವಾಗಿ ಬೇಕಾ’ ಅಂತ ತಿಳಿಯಲಿಕ್ಕೆ. ಅದನ್ನು ಹೇಳಬಲ್ಲವರು ಹೊಸ ಮ್ಯಾನೇಜರ್. ನಮ್ಮ ಉದಾಹರಣೆಯಲ್ಲಿ ದಾಖಲೆ ಮೊದಲೇ ಸರಿಯಾಗಿದೆ. ಮಧ್ಯಾಹ್ನ 3:40ಕ್ಕೆ ಹೊಸ ಮ್ಯಾನೇಜರ್ ಒಪ್ಪುತ್ತಾರೆ.

ಅಷ್ಟಕ್ಕೇ ಕೊಟ್ಟುಬಿಡಬಹುದಾ? ಸಣ್ಣ ರೋಲ್ ಆದರೆ ಸಾಕು. ದುಡ್ಡು ಮುಟ್ಟುವ ರೋಲ್ ಆದರೆ ಇನ್ನೊಬ್ಬರು ನೋಡಬೇಕು. ಅವರನ್ನು ರೋಲ್ ಓನರ್ ಅನ್ನುತ್ತಾರೆ. ಮ್ಯಾನೇಜರ್‌ಗೆ ವ್ಯಕ್ತಿ ಗೊತ್ತು, ಕೆಲಸ ಗೊತ್ತು. ರೋಲ್ ಓನರ್‌ಗೆ ಆ ರೋಲ್ ಒಳಗೆ ಏನೇನಿದೆ, ಯಾವುದರ ಜೊತೆ ಸೇರಿದರೆ ಅಪಾಯ ಅನ್ನೋದು ಗೊತ್ತು. ಮಂಗಳವಾರ 11:05ಕ್ಕೆ ಅವರು ಟಿಕೆಟ್‌ನಲ್ಲೇ ಬರೆಯುತ್ತಾರೆ: ‘ಇವರ ಹತ್ತಿರ `vendor_entry` ಇನ್ನೂ ಇದೆ. ಮೊದಲು ಅದನ್ನು ತೆಗೆಯಿರಿ. ಹಾಗಿದ್ದರೆ ನನ್ನ ಒಪ್ಪಿಗೆ ಇದೆ.’

ಯಾಕೆ ಅಂದರೆ, ಎರಡೂ ಒಬ್ಬರ ಕೈಯಲ್ಲಿದ್ದರೆ ಅವರೇ ಒಂದು ಸುಳ್ಳು ಸರಬರಾಜುದಾರರನ್ನು ಸೃಷ್ಟಿಸಿ, ಅವರೇ ಅದಕ್ಕೆ ಹಣ ಮಂಜೂರು ಮಾಡಬಹುದು. ನಡುವೆ ಇನ್ನೊಬ್ಬರ ಕಣ್ಣು ಬೀಳುವುದೇ ಇಲ್ಲ. ಹೀಗೆ ಕೆಲಸಗಳನ್ನು ಬೇರೆ ಬೇರೆ ಕೈಗಳಿಗೆ ಹಂಚಿಡುವುದಕ್ಕೆ ಸೆಗ್ರೆಗೇಶನ್ ಆಫ್ ಡ್ಯೂಟೀಸ್ ಅನ್ನುತ್ತಾರೆ. ಮನುಷ್ಯ ಎಷ್ಟೇ ನಂಬಿಕಸ್ಥರಾದರೂ ಈ ನಿಯಮ ಬೇಕು. ಅವರ ಪಾಸ್‌ವರ್ಡ್ ಬೇರೆಯವರ ಕೈಗೆ ಸಿಕ್ಕರೂ ಆಗುವ ಹಾನಿ ಅರ್ಧಕ್ಕೇ ನಿಲ್ಲುತ್ತದೆ ಅಲ್ವಾ?

2:20ಕ್ಕೆ ಅಡ್ಮಿನ್ ಕೆಲಸ ಮುಗಿಸುತ್ತಾರೆ. ಡೇಟಾಬೇಸ್‌ನಲ್ಲಾದರೆ ಇಷ್ಟೇ:

```sql
-- ticket 4127
REVOKE vendor_entry FROM u1042;
GRANT payment_approver TO u1042;
```

ಮೊದಲು ತೆಗೆಯುವುದು, ಆಮೇಲೆ ಕೊಡುವುದು. ತಿರುಗಾಮುರುಗಾ ಆದರೆ ಎರಡೂ ರೋಲ್ ಒಟ್ಟಿಗಿರುವ ಒಂದು ಗಳಿಗೆ ಬರುತ್ತದೆ. ತೆಗೆಯುವುದನ್ನು ‘ನಾಳೆ ನೋಡೋಣ’ ಅಂತ ಬಿಟ್ಟರೆ ಆ ಗಳಿಗೆ ವರ್ಷಗಟ್ಟಲೆ ಉಳಿಯುವುದೂ ಉಂಟು. ಹೊಸದು ಸಿಗದಿದ್ದರೆ ಜನ ಫೋನ್ ಮಾಡಿ ಕೇಳುತ್ತಾರೆ. ಹಳೆಯದು ಉಳಿದಿದ್ದರೆ ಯಾರೂ ದೂರು ಕೊಡುವುದಿಲ್ಲ. ಹಾಗಾಗಿ ತೆಗೆಯುವ ಸಾಲು ಅದೇ ಟಿಕೆಟ್‌ನಲ್ಲಿ ಇರಲೇಬೇಕು ಅಂತ ನಾನು ಹಟ ಹಿಡಿಯುತ್ತೇನೆ.

ಆರು ತಿಂಗಳ ನಂತರ ಆಡಿಟರ್ ಬರುತ್ತಾರೆ. ಟ್ರೇಲ್ ಎಷ್ಟು ಗಟ್ಟಿ ಅಂತ ಗೊತ್ತಾಗುವುದು ಆಗಲೇ. ಜಾಣ ಆಡಿಟರ್ ಟಿಕೆಟ್‌ಗಳಿಂದ ಶುರು ಮಾಡುವುದಿಲ್ಲ. ಟಿಕೆಟ್‌ಗಳನ್ನಷ್ಟೇ ನೋಡಿದರೆ ಟಿಕೆಟ್ ಇಲ್ಲದೆ ಕೊಟ್ಟ ರೋಲ್‌ಗಳು ಕಣ್ಣಿಗೇ ಬೀಳುವುದಿಲ್ಲ. ಅವರು ಮೊದಲು ‘ಈಗ `payment_approver` ಯಾರ್‍ಯಾರ ಹತ್ತಿರ ಇದೆ’ ಅಂತ ಸಿಸ್ಟಮ್‌ನಿಂದಲೇ ಪಟ್ಟಿ ತೆಗೆಸುತ್ತಾರೆ. ಅದರಿಂದ ಕೆಲವು ಹೆಸರು ಆರಿಸಿ, ಪ್ರತಿ ಹೆಸರಿಗೂ ಟಿಕೆಟ್ ಕೇಳುತ್ತಾರೆ.

`u1042` ಸಿಕ್ಕಿತು ಅನ್ನಿ. ಟಿಕೆಟ್ 4127 ತೆರೆಯುತ್ತಾರೆ. ಕೇಳಿದ ರೋಲೂ ಕೊಟ್ಟ ರೋಲೂ ಒಂದೇನಾ? ಕೇಳಿದವರೇ ಒಪ್ಪಿಲ್ಲ ತಾನೇ? ಕೊನೆಯ ಒಪ್ಪಿಗೆ 11:05, ರೋಲ್ ಕೊಟ್ಟದ್ದು 2:20. ಸರಿ. ಇಲ್ಲಿ 2:20 ಅನ್ನೋದನ್ನು ಅವರು ಸಿಸ್ಟಮ್‌ನ ಲಾಗ್‌ನಿಂದ ತೆಗೆದುಕೊಳ್ಳುತ್ತಾರೆ. ಟಿಕೆಟ್ ‘ಕ್ಲೋಸ್’ ಆಗಿದೆ ಅಂದ ಮಾತ್ರಕ್ಕೆ ಒಳಗೆ ಅದೇ ಕೆಲಸ ಆಗಿದೆ ಅಂತ ಹೇಳಲಾಗುವುದಿಲ್ಲ.

ಪಟ್ಟಿಯ ಇನ್ನೊಂದು ಹೆಸರು `u0988`. ಇದಕ್ಕೂ ಟಿಕೆಟ್ ಇದೆ, ಮ್ಯಾನೇಜರ್ ಒಪ್ಪಿಗೆಯೂ ಇದೆ. ಆದರೆ ರೋಲ್ ಕೊಟ್ಟದ್ದು ಬೆಳಿಗ್ಗೆ 9:30, ಒಪ್ಪಿಗೆ ಬಂದದ್ದು ಸಂಜೆ 4:00. ‘ಮ್ಯಾನೇಜರ್ ಫೋನಲ್ಲಿ ಹೂಂ ಅಂದಿದ್ದರು’ ಅಂತ ಅಡ್ಮಿನ್ ಹೇಳುತ್ತಾರೆ. ನಿಜವೇ ಇರಬಹುದು. ಆದರೂ ಇದು ತಪ್ಪು ಅಂತಲೇ ದಾಖಲಾಗುತ್ತದೆ. ಆ ಆರೂವರೆ ಗಂಟೆ ಯಾರ ಹೊಣೆಯ ಮೇಲೆ ಆ ರೋಲ್ ಅವರ ಹತ್ತಿರ ಇತ್ತು ಅನ್ನುವುದಕ್ಕೆ ಯಾವ ದಾಖಲೆಯೂ ಇಲ್ಲ. ನಿಜಕ್ಕೂ ಅರ್ಜೆಂಟ್ ಇದ್ದರೆ ಅದಕ್ಕೆ ಬೇರೆ ದಾರಿ ಇರಬೇಕು: ಕೆಲವು ಗಂಟೆಗಳಿಗೆ ಮಾತ್ರ, ತಾನಾಗಿಯೇ ಮುಗಿಯುವ ರೋಲ್. ಮ್ಯಾನೇಜರ್ ರಜೆಯಲ್ಲಿದ್ದರೆ ಅವರ ಬದಲಿಗೆ ಯಾರು ಅಂತ ಮೊದಲೇ ವ್ಯವಸ್ಥೆಯಲ್ಲಿ ನಮೂದಾಗಿರಬೇಕು. ಅವರ ಪಾಸ್‌ವರ್ಡ್ ಪಡೆದು ಬೇರೆಯವರು ಒಪ್ಪಿಗೆ ಒತ್ತಿದರೆ ಟ್ರೇಲ್‌ನಲ್ಲಿ ಸುಳ್ಳು ಸೇರಿದಂತೆ.

ಸುಲಭಕ್ಕೆ ಕಣ್ಣಿಗೆ ಬೀಳದ ಒಂದು ತೂತನ್ನೂ ಹೇಳಬೇಕು. ಮ್ಯಾನೇಜರ್ ಒಪ್ಪಿದ ಮೇಲೆ ಕೇಳಿದವರು ಟಿಕೆಟ್ ತೆರೆದು ರೋಲ್ ಹೆಸರು ಬದಲಿಸಲು ಆಗುತ್ತಾ? ಓದುವ ರೋಲ್‌ಗೆ ಒಪ್ಪಿಗೆ ಪಡೆದು, ಆಮೇಲೆ ಅದನ್ನೇ ಮಂಜೂರು ಮಾಡುವ ರೋಲ್ ಅಂತ ತಿದ್ದಿದರೆ, ಹಳೆಯ ಒಪ್ಪಿಗೆ ಹೊಸ ಕೋರಿಕೆಗೆ ಅಂಟಿಕೊಂಡು ಕೂರುತ್ತದೆ. ಒಳ್ಳೆಯ ವ್ಯವಸ್ಥೆಯಲ್ಲಿ ರೋಲ್ ಹೆಸರು ತಿದ್ದಿದ ಕೂಡಲೇ ಒಪ್ಪಿಗೆ ಬಿದ್ದುಹೋಗುತ್ತದೆ, ಟಿಕೆಟ್ ಮತ್ತೆ ಮ್ಯಾನೇಜರ್ ಹತ್ತಿರ ಹೋಗುತ್ತದೆ. ನಿಮ್ಮಲ್ಲಿ ಹೇಗಿದೆ ಅಂತ ತಿಳಿಯಲು ಒಂದು ಪರೀಕ್ಷಾ ಟಿಕೆಟ್ ಸಾಕು: ಒಪ್ಪಿಗೆ ಬಂದ ಮೇಲೆ ರೋಲ್ ಹೆಸರು ಬದಲಿಸಿ, ಸ್ಟೇಟಸ್ ಏನಾಗುತ್ತದೆ ನೋಡಿ. ‘ಅಪ್ರೂವ್ಡ್’ ಅಂತಲೇ ಉಳಿದರೆ ಆ ತೂತು ನಿಮ್ಮಲ್ಲೂ ಇದೆ.